ಗಾಡಿ ಓಡಾಡುತ್ತಿರುವ ರಸ್ತೆಯನ್ನೇ ಅಗಲ ಮಾಡುವಾಗ: ಎಷ್ಟು ಅಗೆಯಬೇಕು, ಬೋರ್ಡ್ ಎಲ್ಲಿ, ರಾತ್ರಿ ಹೇಗೆ?

ಪ್ರಶ್ನೆ: ನಾನು ಗುತ್ತಿಗೆದಾರರ ಕಡೆಯ ಸೈಟ್ ಇಂಜಿನಿಯರ್. ನಮ್ಮದು 7 ಮೀಟರ್ ಡಾಂಬರು ರಸ್ತೆಯ ರಾಜ್ಯ ಹೆದ್ದಾರಿ, ನಾಲ್ಕು ಪಥ ಆಗ್ತಿದೆ. ಬದಲಿ ರಸ್ತೆ ಸಣ್ಣದು, ಪೂರ್ತಿ ಮುಚ್ಚೋಕೆ ಆಗಲ್ಲ. ಮಧ್ಯೆ ಒಂದು ಮೋರಿ ಅರ್ಧರ್ಧ ಒಡೆದು ಕಟ್ಟಬೇಕು, ಸ್ವಲ್ಪ ಕೆಲಸ ರಾತ್ರಿಯೇ ಮಾಡಬೇಕು. ಕನ್ಸಲ್ಟೆಂಟ್ ಸಂಚಾರ ನಿರ್ವಹಣಾ ಯೋಜನೆ ಕೊಡಿ ಅಂತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬೋರ್ಡ್‌ಗಳ ಪಟ್ಟಿಯಿಂದ ಶುರು ಮಾಡಬೇಡಿ. ಒಂದು ಸಲಕ್ಕೆ ಎಷ್ಟು ಉದ್ದ ತೆರೆಯುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಬೋರ್ಡ್, ಕೋನ್, ಫ್ಲ್ಯಾಗ್‌ಮನ್, ದೀಪ ಎಲ್ಲದರ ಲೆಕ್ಕ ಆ ಉದ್ದದಿಂದಲೇ ಹುಟ್ಟುತ್ತದೆ.

ಕೆಲಸದ ಕ್ರಮವನ್ನು ಕೇಂದ್ರ ಸಾರಿಗೆ ಸಚಿವಾಲಯದ ರಸ್ತೆ ಕಾಮಗಾರಿ ಸ್ಪೆಸಿಫಿಕೇಶನ್‌ನ 112ನೇ ವಿಭಾಗ ಹೇಳಿದೆ. ಹಳೆ ರಸ್ತೆಯಲ್ಲಿ ಗಾಡಿ ಓಡಲಿ, ಪಕ್ಕದಲ್ಲಿ ಹೊಸ ಎರಡು ಪಥ ಮುಗಿಯಲಿ. ಆಮೇಲೆ ಗಾಡಿಗಳನ್ನು ಹೊಸದರ ಮೇಲೆ ಬಿಟ್ಟು ಹಳೆಯದಕ್ಕೆ ಕೈ ಹಾಕಿ. ಇದು ಎಲ್ಲರಿಗೂ ಗೊತ್ತು. ಆದರೂ ಜೆಸಿಬಿ ಬಾಡಿಗೆ ದಂಡ ಆಗಬಾರದು ಅಂತ ಎರಡೂ ಬದಿ ಒಟ್ಟಿಗೆ ಅಗೆದು, ನಡುವೆ ರಸ್ತೆಯನ್ನು ಏರಿಯ ಥರ ಬಿಡುವವರೇ ಜಾಸ್ತಿ. ಕೆಟ್ಟು ನಿಂತ ಲಾರಿಗೂ ಬದಿಗೆ ಸರಿಯಲು ಜಾಗ ಇರುವುದಿಲ್ಲ, ಬೈಕಿನವನಿಗೂ ಇರುವುದಿಲ್ಲ. ಅಗೆತ ಒಂದೇ ಬದಿಗೆ ಇರಲಿ. ಉದ್ದ 500 ಮೀಟರ್ ದಾಟದಿರಲಿ. ಅದರಲ್ಲೂ ನಿಮ್ಮ ತಂಡ ಎಷ್ಟನ್ನು ಬೇಗ ತುಂಬಿ ರೋಲರ್ ಹೊಡೆಯಬಲ್ಲದೋ ಅಷ್ಟೇ ತೆರೆಯಿರಿ.

ಅಗಲೀಕರಣದಲ್ಲಿ ನಿಜವಾದ ಅಪಾಯ ಇರುವುದು ಅಗೆದ ಗುಂಡಿಯ ಅಂಚಿನಲ್ಲಿ. ಹೊಸ ಪಥದ ಗುಂಡಿ ಮುಕ್ಕಾಲರಿಂದ ಒಂದು ಮೀಟರ್ ಆಳ ಇರಬಹುದು, ಅದು ಹಳೆ ಡಾಂಬರಿಗೆ ಅಂಟಿಕೊಂಡೇ ಇರುತ್ತದೆ. ನಿಮ್ಮ 7 ಮೀಟರ್‌ನಲ್ಲಿ ಗುಂಡಿಯ ಕಡೆಯ ಅರ್ಧ ಮೀಟರನ್ನು ಬಿಟ್ಟುಕೊಟ್ಟು, ಅಲ್ಲಿ ಬ್ಯಾರಿಕೇಡ್ ಸಾಲು ನಿಲ್ಲಿಸಿ. ಉಳಿದ 6.5 ಮೀಟರ್‌ನಲ್ಲಿ ಒಂದೊಂದು ಕಡೆಗೆ 3.25 ಮೀಟರ್ ಸಿಗುತ್ತದೆ. 40 ಕಿ.ಮೀ. ವೇಗಕ್ಕೆ ಬಸ್ಸು ಲಾರಿ ಎದುರುಬದುರಾಗಿ ಹೋಗಲು ಅಷ್ಟು ಸಾಕು. ಬ್ಯಾರಿಕೇಡ್ ಸಾಲಿನಲ್ಲಿ ಬೀಳುವ ಸಂದನ್ನು ಮಾತ್ರ ಬಿಡಬೇಡಿ. ಟಿಪ್ಪರ್ ಒಳಗೆ ಹೋಗಲು ಎರಡು ಬ್ಯಾರಿಕೇಡ್ ಸರಿಸಿದವರು ವಾಪಸ್ ಇಡುವುದಿಲ್ಲ, ರಾತ್ರಿ ಆ ಸಂದೇ ದಾರಿ ಥರ ಕಾಣುತ್ತದೆ.

ಮಳೆ ಬಂದ ಮರುದಿನ ಬೆಳಿಗ್ಗೆ ಅಂಚಿನ ಮೇಲೆ ನಡೆದು ನೋಡಿ. ಅಂಚಿನಿಂದ ಒಂದಡಿ ಒಳಗೆ, ರಸ್ತೆಯ ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು ಕಂಡರೆ ಅಡಿಯ ಮಣ್ಣು ಗುಂಡಿಗೆ ಜಾರುತ್ತಿದೆ ಅಂತ ಅರ್ಥ. ಅದರ ಮೇಲೆ ಲೋಡ್ ಲಾರಿ ಹೋದರೆ ಅಂಚು ಕುಸಿಯುತ್ತದೆ. ಕೂಡಲೇ ಬ್ಯಾರಿಕೇಡನ್ನು ಇನ್ನಷ್ಟು ಒಳಗೆ ತಂದು, ಗುಂಡಿಯ ಗೋಡೆಗೆ ಇಳಿಜಾರಾಗಿ ಮಣ್ಣು ಒತ್ತಿಸಿ. ಕತ್ತಲಾಗುವ ಮುಂಚೆ ತುಂಬಲಾಗದ ಗುಂಡಿಗೂ ಈ ಇಳಿಜಾರು ಬೇಕೇ ಬೇಕು. ಚಕ್ರ ಜಾರಿದರೂ ಗಾಡಿ ಮಗುಚದೆ ಇಳಿಯುತ್ತದೆ.

ಈಗ ಮೋರಿ. ಅರ್ಧ ಒಡೆದಾಗ ಒಂದೇ ಪಥ ಉಳಿಯುತ್ತದೆ, ಆಚೆ ಈಚೆಯ ಗಾಡಿಗಳನ್ನು ಸರದಿಯಲ್ಲಿ ಬಿಡಬೇಕು. ಇಲ್ಲಿ ಉದ್ದದ ಬೆಲೆ ಎಷ್ಟು ಅಂತ ಲೆಕ್ಕ ಹಾಕಿಯೇ ನೋಡೋಣ. ಒಂದು ಪಥದ ಭಾಗ 300 ಮೀಟರ್ ಇದೆ ಅಂದುಕೊಳ್ಳಿ. ಗಾಡಿಗಳು ಅಲ್ಲಿ 25 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್ ಹೋಗುತ್ತವೆ. ಕೊನೆಯ ಗಾಡಿ ಆಚೆ ದಡ ಮುಟ್ಟಲು 45 ಸೆಕೆಂಡ್ ಬೇಕು. ಅಷ್ಟು ಹೊತ್ತು ಎರಡೂ ಕಡೆ ನಿಂತಿರಲೇಬೇಕು. ಒಂದೊಂದು ಕಡೆಗೆ 60 ಸೆಕೆಂಡ್ ಬಿಟ್ಟರೆ ಒಂದು ಸುತ್ತು 210 ಸೆಕೆಂಡ್, ಗಂಟೆಗೆ 17 ಸುತ್ತು. ಎರಡು ಸೆಕೆಂಡಿಗೆ ಒಂದರಂತೆ 30 ಗಾಡಿ ಹೋದರೆ ಗಂಟೆಗೆ ಒಂದು ಕಡೆಯಿಂದ ಸುಮಾರು 510 ಗಾಡಿ ದಾಟುತ್ತವೆ. ಅದೇ ಭಾಗವನ್ನು 150 ಮೀಟರ್‌ಗೆ ಇಳಿಸಿ. ಖಾಲಿ ಆಗಲು 25 ಸೆಕೆಂಡ್ ಸಾಕು, ಸುತ್ತು 170 ಸೆಕೆಂಡ್, ಗಂಟೆಗೆ 21 ಸುತ್ತು, ಸುಮಾರು 630 ಗಾಡಿ.

ಬೆಳಿಗ್ಗೆ ಸ್ಕೂಲ್ ಹೊತ್ತಿನಲ್ಲಿ ಒಂದು ಕಡೆಯಿಂದ 550 ಗಾಡಿ ಬರುತ್ತವೆ ಅನ್ನಿ. ಮೊದಲ ಲೆಕ್ಕದಲ್ಲಿ ಗಂಟೆಗೆ 40 ಗಾಡಿ ಉಳಿದುಹೋಗುತ್ತವೆ. ಗಾಡಿಗೆ 8 ಮೀಟರ್ ಹಿಡಿದರೂ ಸಾಲು ಗಂಟೆಗೆ 320 ಮೀಟರ್ ಬೆಳೆಯುತ್ತದೆ. ನೀವು 300 ಮೀಟರ್ ಹಿಂದೆ ನೆಟ್ಟ ಮೊದಲ ಎಚ್ಚರಿಕೆ ಬೋರ್ಡ್ ಆ ಸಾಲಿನ ಒಳಗೇ ಹೋಗಿಬಿಡುತ್ತದೆ. ಹಿಂದಿನಿಂದ ಬರುವವನಿಗೆ ಬೋರ್ಡ್‌ಗಿಂತ ಮೊದಲು ನಿಂತ ಲಾರಿಯ ಬಾಲ ಸಿಗುತ್ತದೆ. ಹಾಗಾಗಿ ಯೋಜನೆ ಬರೆಯುವ ಮುಂಚೆ ಒಂದು ಕೆಲಸದ ದಿನವೂ ಒಂದು ಸಂತೆ ದಿನವೂ ಗಾಡಿ ಎಣಿಸಿ. ಸಾಲು ಎಲ್ಲಿವರೆಗೆ ಬೆಳೆಯುತ್ತದೋ ಅದರಾಚೆಗೆ ಇನ್ನೊಂದು ಬೋರ್ಡ್ ಇಡಿ.

ಎರಡು ತುದಿಯ ಫ್ಲ್ಯಾಗ್‌ಮನ್‌ಗಳಿಗೆ ವಾಕಿಟಾಕಿ ಕೊಡಿ. ಒಬ್ಬರಿಗೊಬ್ಬರು ಕಾಣುತ್ತಾರೆ ಅಂತ ಸುಮ್ನೆ ನಂಬಬೇಡಿ, ಮಧ್ಯೆ ಒಂದು ಬಸ್ಸು ಬಂದರೆ ಮುಗಿಯಿತು. ‘ಕೊನೆಯದು ನೀಲಿ ಟಾಟಾ ಏಸ್’ ಅಂತ ಈಚೆಯವನು ಹೇಳಬೇಕು, ಆ ಏಸ್ ದಾಟಿದ ಮೇಲೆಯೇ ಆಚೆಯವನು ಗಾಡಿ ಬಿಡಬೇಕು. ಸರದಿ ಕಾಯುವವರು ಎದುರಿನ ಪಥಕ್ಕೆ ನುಗ್ಗಿ ಎರಡನೇ ಸಾಲು ಕಟ್ಟಿದರೆ ಬರುವ ಗಾಡಿಗೆ ಹೊರಬರಲು ದಾರಿಯೇ ಇರುವುದಿಲ್ಲ, ಅಲ್ವಾ? ಅದಕ್ಕೆ ನಿಲ್ಲುವ ಗೆರೆಯಿಂದ ಹಿಂದಕ್ಕೆ 50 ಮೀಟರ್ ರಸ್ತೆ ನಡುವೆ ಕೋನ್ ಸಾಲು ಹಾಕಿ.

ಬೋರ್ಡ್‌ಗಳ ವಿಷಯಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಕೈಪಿಡಿ IRC:SP:55 ಇದೆ. ನಿಮ್ಮಂಥ ರಸ್ತೆಗೆ, ಗಾಡಿಗಳು 51ರಿಂದ 80 ಕಿ.ಮೀ. ವೇಗದಲ್ಲಿ ಬರುವ ಕಡೆ, ಎಚ್ಚರಿಕೆ ವಲಯ 100ರಿಂದ 300 ಮೀಟರ್. ನಾನು 300 ಮೀಟರನ್ನೇ ಇಡುತ್ತೇನೆ: 300ಕ್ಕೆ ‘ಮುಂದೆ ಕಾಮಗಾರಿ’, 200ಕ್ಕೆ ವೇಗ 40, 100ಕ್ಕೆ ರಸ್ತೆ ಕಿರಿದಾಗುವ ಚಿಹ್ನೆ. ಇದನ್ನು ಗುಂಡಿಯಿಂದ ಅಳೆಯಬಾರದು. ಕೋನ್‌ಗಳು ಓರೆಯಾಗಿ ಶುರುವಾಗುವ ಜಾಗದಿಂದ, ಅಂದರೆ ಟೇಪರ್‌ನ ಬಾಯಿಂದ ಅಳೆಯಬೇಕು.

ಟೇಪರ್ ಉದ್ದಕ್ಕೆ ಹಲವು ಕಡೆ ಬಳಸುವ ಲೆಕ್ಕ ಸುಲಭ. 60 ಕಿ.ಮೀ. ವೇಗದವರೆಗೆ, ಮುಚ್ಚುವ ಅಗಲವನ್ನು ವೇಗದ ವರ್ಗದಿಂದ ಗುಣಿಸಿ 155ರಿಂದ ಭಾಗಿಸಿ. ಮೋರಿ ಹತ್ತಿರ 3.5 ಮೀಟರ್ ಮುಚ್ಚುತ್ತೀರಿ, ಬರುವವರ ವೇಗ 60. ಸುಮಾರು 80 ಮೀಟರ್ ಬರುತ್ತದೆ. ಬೋರ್ಡ್‌ನಲ್ಲಿ 40 ಅಂತ ಬರೆದಿದ್ದೀರಿ ಅಂತ 40ಕ್ಕೆ ಲೆಕ್ಕ ಹಾಕಿದರೆ 36 ಮೀಟರ್ ಬರುತ್ತದೆ, ಅದು ಸಾಲದು. ಅಲ್ಲಿ ನಿಜವಾಗಿ ಬರುವ ವೇಗವನ್ನೇ ಹಿಡಿಯಿರಿ.

ಟೇಪರ್ ಸರಿ ಇಲ್ಲ ಅಂತ ರಸ್ತೆಯೇ ಹೇಳುತ್ತದೆ. ಅದರ ಬಾಯಲ್ಲಿ ಬ್ರೇಕಿನ ಕಪ್ಪು ಗೆರೆ, ಎರಡನೇ ಮೂರನೇ ಕೋನ್ ಮೇಲೆ ಟಯರ್ ಗುರುತು ದಿನಾ ಕಂಡರೆ ಜನರಿಗೆ ಅದು ತಡವಾಗಿ ಕಾಣುತ್ತಿದೆ. ಕೋನ್ ಬದಲಿಸಿ ಸುಮ್ಮನಾಗಬೇಡಿ, ಟೇಪರ್ ಉದ್ದ ಮಾಡಿ. ಕೋನ್ ಕಳ್ಳತನ ಆಗುತ್ತದೆ ಅಂತ ಸುಣ್ಣ ಬಳಿದ ಕಲ್ಲು, ಕಾಂಕ್ರೀಟ್ ತುಂಬಿದ ಡ್ರಮ್ ಇಡುವುದನ್ನು ದಯವಿಟ್ಟು ನಿಲ್ಲಿಸಿ. ಬೈಕಿನವನು ಕೋನ್‌ಗೆ ಬಡಿದರೆ ಕೋನ್ ಬೀಳುತ್ತದೆ, ಕಲ್ಲಿಗೆ ಬಡಿದರೆ ಅವನು ಸಾಯುತ್ತಾನೆ.

ರಾತ್ರಿಗೆ ಬೇರೆಯೇ ಲೆಕ್ಕ. ಡಿಮ್ ಲೈಟಿನಲ್ಲಿ ಚಾಲಕನಿಗೆ ಚೆನ್ನಾಗಿ ಕಾಣುವುದು 40–50 ಮೀಟರ್. 60 ಕಿ.ಮೀ. ವೇಗದಲ್ಲಿ ಅವನು ನೋಡಿ, ಅರ್ಥಮಾಡಿಕೊಂಡು, ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಸುಮಾರು 40 ಮೀಟರ್ ಮುಗಿದಿರುತ್ತದೆ. ಹಾಗಾಗಿ ಬೆಳಕು ಬಿದ್ದರೆ ದೂರದಿಂದಲೇ ಹೊಳೆಯುವ ರಿಟ್ರೊ ಹಾಳೆ ಬೋರ್ಡ್‌ಗೂ ಬ್ಯಾರಿಕೇಡ್‌ಗೂ ಬೇಕು. ಬರೀ ಪೇಂಟ್ ಸಾಲದು. ಆ ಹಾಳೆಯ ಮೇಲೆ ಸೈಟಿನ ಧೂಳು ಕೂತರೆ ಹೊಳಪು ಹೋಗುತ್ತದೆ. ದಿನಾ ಸಂಜೆ ಒಬ್ಬ ಹುಡುಗ ಒದ್ದೆ ಬಟ್ಟೆ ಹಿಡಿದು ಒರೆಸುವುದನ್ನು ಯೋಜನೆಯಲ್ಲೇ ಬರೆಯಿರಿ.

ಕೆಲಸಕ್ಕೆ ಹಾಕುವ ಫ್ಲಡ್‌ಲೈಟ್ ಎತ್ತರದಲ್ಲಿರಲಿ, ಕೆಳಮುಖವಾಗಿರಲಿ. ಅದು ಎದುರು ಬರುವವರ ಕಣ್ಣಿಗೆ ಹೊಡೆದರೆ ಮುಂದಿನ ಫ್ಲ್ಯಾಗ್‌ಮನ್ ಕಾಣುವುದೇ ಇಲ್ಲ. ಪೇವರ್‌ಗೆ ಕಾಯುತ್ತಾ ಎದುರುಮುಖವಾಗಿ ಹೆಡ್‌ಲೈಟ್ ಹಾಕಿ ನಿಂತ ಟಿಪ್ಪರ್‌ನಿಂದಲೂ ಇದೇ ಆಗುತ್ತದೆ. ಆ ದೀಪ ತಮ್ಮ ಕಡೆಗೆ ಬರುತ್ತಿರುವ ಲಾರಿಯದು ಅನ್ನಿಸಿ ಚಾಲಕರು ಗುಂಡಿಯ ಕಡೆಗೇ ಸರಿಯುತ್ತಾರೆ. ಇದನ್ನು ಹಾಳೆಯ ಮೇಲೆ ಪರೀಕ್ಷಿಸಲು ಆಗಲ್ಲ. ಮೊದಲ ರಾತ್ರಿ ಕೆಲಸ ಶುರುವಾಗಿ ಅರ್ಧ ಗಂಟೆಯೊಳಗೆ ನೀವೇ ಕಾರಿನಲ್ಲೊಮ್ಮೆ, ಬೈಕಿನಲ್ಲೊಮ್ಮೆ, ಎರಡೂ ದಿಕ್ಕಿನಿಂದ ಡಿಮ್ ಲೈಟಿನಲ್ಲಿ ಹಾದು ಬನ್ನಿ. ಎಲ್ಲಿ ಕಣ್ಣು ಕಿರಿದು ಮಾಡಿದಿರೋ ಅಲ್ಲಿ ದೀಪ ತಿರುಗಿಸಿ.

ಬದಲಿ ದಾರಿ ಸಣ್ಣದು ಅಂದಿರಿ. ಲಾರಿಗಳಿಗೆ ಬೇಡ, ಕಾರು ಬೈಕುಗಳಿಗೆ ಮಾತ್ರ ಬಿಡಬಹುದಾ ಅಂತ ಅಲ್ಲಿನ ಸೇತುವೆ, ತಿರುವು, ತಗ್ಗಿದ ಕರೆಂಟ್ ತಂತಿ ನೋಡಿ ತೀರ್ಮಾನಿಸಿ. ಯಾವುದೇ ಬಗೆಯ ಗಾಡಿಯನ್ನು ತಡೆಯಲು ಜಿಲ್ಲಾಧಿಕಾರಿಗಳ ಆದೇಶ ಬೇಕು. ಮೋಟಾರು ವಾಹನ ಕಾಯ್ದೆ 1988ರ ಕಲಂ 115 ಅದಕ್ಕೆ ಆಧಾರ. ತಡೆ ಒಂದು ತಿಂಗಳ ಒಳಗಿನದಾದರೆ ಗೆಜೆಟ್ ಪ್ರಕಟಣೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಡೈವರ್ಷನ್ ಬೋರ್ಡ್ ಕೆಲಸದ ಜಾಗದಲ್ಲಿದ್ದರೆ ಉಪಯೋಗವಿಲ್ಲ. 2018ರಲ್ಲಿ ಕಾಂಕ್ರೀಟ್ ಹಾಕಲು ಶಿರಾಡಿ ಘಾಟಿ ಮುಚ್ಚಿದ್ದು ನೆನಪಿರಬಹುದು. ಅಂಥ ಕಡೆ ಮಂಗಳೂರಿನಿಂದ ಹೊರಟ ಲಾರಿಗೆ ಬೋರ್ಡ್ ಕಾಣಬೇಕಾದ್ದು ಗುಂಡ್ಯದಲ್ಲಲ್ಲ, ಸಂಪಾಜೆ–ಮಡಿಕೇರಿ ದಾರಿ ಕವಲೊಡೆಯುವ ಮಾಣಿಗೂ ಮೊದಲು. ನಿಮ್ಮ ರಸ್ತೆಯಲ್ಲೂ ಚಾಲಕ ಬೇರೆ ದಾರಿ ಹಿಡಿಯಬಹುದಾದ ಕೊನೆಯ ಕವಲು ಯಾವುದು ಅಂತ ಹುಡುಕಿ, ಅದಕ್ಕಿಂತ ಹಿಂದೆ ಬೋರ್ಡ್ ನೆಡಿ.

ಕೊನೆಗೆ, ಬೋರ್ಡ್ ಇಡುವ ತೆಗೆಯುವ ಕ್ರಮ. ಇಡುವಾಗ ಗಾಡಿ ಬರುವ ಕಡೆಯ ಮೊದಲ ಬೋರ್ಡಿನಿಂದ ಶುರು ಮಾಡಿ ಕೆಲಸದ ಜಾಗದ ಕಡೆಗೆ ಬನ್ನಿ, ಹಾಗೆ ಮಾಡಿದರೆ ನಿಮ್ಮ ಹುಡುಗರು ಸದಾ ಬೋರ್ಡಿನ ಕಾವಲಿನಲ್ಲಿರುತ್ತಾರೆ. ತೆಗೆಯುವಾಗ ಕೆಲಸದ ತುದಿಯಿಂದ ಹಿಂದಕ್ಕೆ ಬನ್ನಿ, ‘ಮುಂದೆ ಕಾಮಗಾರಿ’ ಬೋರ್ಡ್ ಎಲ್ಲದಕ್ಕೂ ಕೊನೆ. ಕೆಲಸವೂ ತೆರೆದ ಗುಂಡಿಯೂ ಇಲ್ಲದ ದಿನ ಬೋರ್ಡ್‌ಗಳಿಗೆ ಗೋಣಿ ಮುಚ್ಚಿ. ಖಾಲಿ ರಸ್ತೆಯಲ್ಲಿ ವಾರಗಟ್ಟಲೆ ‘ಮುಂದೆ ಕಾಮಗಾರಿ’ ನೋಡಿದ ಬಸ್ ಡ್ರೈವರ್, ನಿಜವಾಗಿ ಕೆಲಸ ನಡೆಯುವ ದಿನ ವೇಗ ಇಳಿಸುವುದಿಲ್ಲ.