ಗಂಟಲಿಗೆ ಜೇಷ್ಠಮಧು, ಜೊತೆಗೆ ಬಿಪಿ ಮಾತ್ರೆ

ಪ್ರಶ್ನೆ: ಪಾಠ ಹೇಳಿ ಹೇಳಿ ಗಂಟಲು ಕಟ್ಟಿದೆ. ಬಿಪಿಗೆ ಮಾತ್ರೆ ನುಂಗುತ್ತಿದ್ದೇನೆ. ದಿನವೂ ಜೇಷ್ಠಮಧುವಿನ ಕಡ್ಡಿ ಅಗಿಯುವುದು ಒಳ್ಳೆಯದೋ, ಕಷಾಯ ಕುಡಿಯುವುದೋ?

ಎರಡೂ ಬೇಡ. ನಾನೂ ಮೇಷ್ಟರೇ, ನನಗೂ ಬಿಪಿ ಇದೆ, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಆ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ವಾರದಲ್ಲೇ ನನ್ನ ಸ್ವರ ಬಿದ್ದುಹೋಯಿತು. ಗ್ರಂಥಿಗೆ ಅಂಗಡಿಯಿಂದ ಜೇಷ್ಠಮಧು ತಂದು ಒಂದೊಂದೇ ತುಂಡನ್ನು ದವಡೆಗೆ ಇಟ್ಟುಕೊಂಡೆ. ಸಿಹಿ ರಸ ಇಳಿದಂತೆ ಗಂಟಲಿನ ಕೆರೆತ ನಿಂತಿತು, ನಾಲ್ಕೇ ದಿನಕ್ಕೆ ಸ್ವರವೂ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸ್ವರ ಚೆನ್ನಾಗಿದೆಯಲ್ಲ ಎಂದು ಬೆಳಿಗ್ಗೆ ಕಷಾಯ, ತರಗತಿಗಳ ನಡುವೆ ಕಡ್ಡಿ, ಹೀಗೆ ಆರು ವಾರ ಮುಂದುವರಿಸಿದೆ.

ಕಾಲು ಊದಿತು. ಬಿಪಿ 170 ದಾಟಿತು. ವೈದ್ಯರು "ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದಾಗ "ಇಲ್ಲ" ಎಂದೆ. ಇದೇ ನಾನು ಮಾಡಿದ ತಪ್ಪು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅಜ್ಜಿ ಕೊಡುತ್ತಿದ್ದ ಬೇರನ್ನು ಔಷಧಿಯ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವರು ನನ್ನ ಮಾತು ನಂಬಿ, ಮೂತ್ರ ಹೆಚ್ಚಿಸುವ ಮಾತ್ರೆಯೊಂದನ್ನು ಸೇರಿಸಿದರು. ಆ ಮಾತ್ರೆಯೂ ದೇಹದ ಪೊಟ್ಯಾಶಿಯಂ ಇಳಿಸುತ್ತದೆ, ಜೇಷ್ಠಮಧುವೂ ಇಳಿಸುತ್ತದೆ. ಹತ್ತು ದಿನಗಳಲ್ಲಿ ಮೆಟ್ಟಿಲು ಹತ್ತಲು ತೊಡೆಯಲ್ಲಿ ಶಕ್ತಿ ಇರಲಿಲ್ಲ, ಎದೆಬಡಿತ ನಡುನಡುವೆ ತಪ್ಪಿದಂತಾಗುತ್ತಿತ್ತು. ರಕ್ತಪರೀಕ್ಷೆಯಲ್ಲಿ, 3.5ಕ್ಕಿಂತ ಮೇಲಿರಬೇಕಾದ ಪೊಟ್ಯಾಶಿಯಂ 2.8ಕ್ಕೆ ಇಳಿದಿತ್ತು.

ಆಸ್ಪತ್ರೆಯ ಹಾಸಿಗೆಯ ಮೇಲೂ ನನ್ನ ಕಿಸೆಯಲ್ಲಿ ಕಡ್ಡಿಯಿತ್ತು. ಅದನ್ನು ಕಂಡ ಕಿರಿಯ ವೈದ್ಯೆಯೊಬ್ಬರು ಕೂತು ವಿವರಿಸಿದರು. ಬೇರಿನ ಸಿಹಿಗೆ ಕಾರಣ ಗ್ಲಿಸಿರೈಜಿನ್. ನಮ್ಮ ರಕ್ತದಲ್ಲಿ ಸದಾ ಇರುವ ಕಾರ್ಟಿಸಾಲ್ ಹಾರ್ಮೋನಿಗೆ ಉಪ್ಪನ್ನು ಹಿಡಿದಿಡುವ ಗುಣವೂ ಇದೆ. ಅದು ಆ ಕೆಲಸಕ್ಕೆ ಇಳಿಯದಂತೆ ಮೂತ್ರಪಿಂಡದ ಕಿಣ್ವವೊಂದು ಅದನ್ನು ಅಲ್ಲೇ ನಿಷ್ಕ್ರಿಯಗೊಳಿಸುತ್ತದೆ. ಗ್ಲಿಸಿರೈಜಿನ್ ಕಟ್ಟಿಹಾಕುವುದು ಈ ಕಾವಲುಗಾರನನ್ನೇ. ಆಗ ಉಪ್ಪು, ನೀರು ದೇಹದಲ್ಲೇ ಉಳಿಯುತ್ತವೆ, ಪೊಟ್ಯಾಶಿಯಂ ಮೂತ್ರದಲ್ಲಿ ಹೋಗುತ್ತದೆ, ಬಿಪಿ ಏರುತ್ತದೆ. ಅಗಿದರೂ ಕುದಿಸಿದರೂ ಜೇನಿನಲ್ಲಿ ಕಲಸಿದರೂ ಹೊಟ್ಟೆಗೆ ಹೋಗುವುದು ಅದೇ ವಸ್ತು. ಆದ್ದರಿಂದ ಕಡ್ಡಿಯೋ ಕಷಾಯವೋ ಎಂಬ ನಿಮ್ಮ ಪ್ರಶ್ನೆಯೇ ದಾರಿ ತಪ್ಪಿದೆ. ಒಂದು ಕಡ್ಡಿಯಲ್ಲಿ ಅದು ಎಷ್ಟಿದೆಯೆಂದು ಕಣ್ಣಳತೆಯಲ್ಲಿ ಹೇಳಲೂ ಆಗುವುದಿಲ್ಲ, ಬೇರಿನಿಂದ ಬೇರಿಗೆ ವ್ಯತ್ಯಾಸ ಬಹಳ.

ಬಿಪಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಇದನ್ನು ನುಂಗಲೇಬಾರದು. ಉಳಿದವರಿಗೂ ಗಂಟಲು ವಾಸಿಯಾಗುವ ನಾಲ್ಕೈದು ದಿನ ಸಾಕು ಎಂಬುದು ನನ್ನ ಅಭಿಪ್ರಾಯ. ನೀವು ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿಯಿರಿ, ತರಗತಿಯಲ್ಲಿ ಕೂಗುವುದನ್ನು ಕಡಿಮೆ ಮಾಡಿ. ಸ್ವರ ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ತಜ್ಞರಿಗೆ ತೋರಿಸಿ. ಈಗಾಗಲೇ ಜೇಷ್ಠಮಧು ಶುರುಮಾಡಿದ್ದರೆ ಇವತ್ತೇ ನಿಲ್ಲಿಸಿ, ವೈದ್ಯರಿಗೆ ಅದರ ಹೆಸರು ಹೇಳಿ ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿಕೊಳ್ಳಿ. ಬಿಟ್ಟ ಮರುದಿನವೇ ಬಿಪಿ ಇಳಿಯಲಿಲ್ಲವೆಂದು ಗಾಬರಿಯಾಗಬೇಡಿ. ನನ್ನದು ಹಳೆಯ ಮಟ್ಟಕ್ಕೆ ಬರಲು ಎರಡು ವಾರ ಹಿಡಿಯಿತು.