ಸಾಲು ಗಿಯರ್‌ಗಳಲ್ಲಿ ಕೊನೆಯದರ ದಿಕ್ಕು ಮತ್ತು ವೇಗ

ಪ್ರಶ್ನೆ: 20 ಹಲ್ಲಿನ ಗಿಯರ್ 50 ಹಲ್ಲಿನದನ್ನು, ಅದು 40 ಹಲ್ಲಿನದನ್ನು ತಿರುಗಿಸುತ್ತದೆ. ಮೊದಲನೆಯದು ಪ್ರದಕ್ಷಿಣೆಯಾಗಿ ನಿಮಿಷಕ್ಕೆ 120 ಸುತ್ತು ತಿರುಗಿದರೆ ಕೊನೆಯದು ಹೇಗೆ ತಿರುಗುತ್ತದೆ?

ಉತ್ತರ: ಅದೂ ಪ್ರದಕ್ಷಿಣೆಯಾಗಿಯೇ, ನಿಮಿಷಕ್ಕೆ 60 ಸುತ್ತು.

ಎರಡು ಗಿಯರ್ ಕೂಡುವ ಕಡೆ ಒಂದರ ಹಲ್ಲು ಇನ್ನೊಂದರ ಒಂದೇ ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಸುತ್ತುಗಳನ್ನು ಬಿಟ್ಟು ಹಲ್ಲುಗಳನ್ನು ಎಣಿಸಿ. ಮೊದಲನೆಯದರಲ್ಲಿ ನಿಮಿಷಕ್ಕೆ 120 × 20 = 2400 ಹಲ್ಲು ದಾಟುತ್ತವೆ. ನಡುವಿನದರಲ್ಲೂ ಅಷ್ಟೇ, ಕೊನೆಯದರಲ್ಲೂ ಅಷ್ಟೇ; 2400 ÷ 40 = 60. ನಡುವಿನದಕ್ಕೆ 50ರ ಬದಲು 30 ಹಲ್ಲಿದ್ದರೂ ಈ ಉತ್ತರ ಬದಲಾಗದು. ಅದು ಮಾಡುವುದು ದಿಕ್ಕಿನ ಕೆಲಸ ಮಾತ್ರ: ಪ್ರತಿ ಕೂಡುವಿಕೆಯಲ್ಲೂ ದಿಕ್ಕು ತಿರುಗುಮುರುಗಾಗುತ್ತದೆ, ಇಲ್ಲಿ ಎರಡು ಕೂಡುವಿಕೆ ಇರುವುದರಿಂದ ಮೊದಲಿನ ದಿಕ್ಕೇ ಮರಳುತ್ತದೆ.

ಹೆಚ್ಚಿನವರು ಎಡವುವುದು ಒಂದೇ ಶಾಫ್ಟಿನ ಮೇಲೆ ಎರಡು ಗಿಯರ್ ಬಿಗಿದಿರುವಾಗ. ಚಿತ್ರದಲ್ಲಿ ಒಂದೇ ಕೇಂದ್ರದ ಸುತ್ತ ದೊಡ್ಡದೊಂದು, ಚಿಕ್ಕದೊಂದು ವೃತ್ತ ಕಂಡರೆ ಅದೇ ಗುರುತು. 50 ಹಲ್ಲಿನದರ ಜೊತೆ 10 ಹಲ್ಲಿನದು ಕೂತು, ಕೊನೆಯದನ್ನು ಈ ಚಿಕ್ಕದೇ ತಿರುಗಿಸುತ್ತದೆ ಎನ್ನಿ. ಒಂದೇ ಶಾಫ್ಟಿನಲ್ಲಿ ಸಮಾನವಾಗಿರುವುದು ಸುತ್ತು, ಹಲ್ಲಲ್ಲ. ಶಾಫ್ಟ್ 2400 ÷ 50 = 48 ಸುತ್ತು ತಿರುಗುತ್ತದೆ, ಚಿಕ್ಕದು 480 ಹಲ್ಲು ದಾಟಿಸುತ್ತದೆ, ಕೊನೆಯದು 480 ÷ 40 = 12 ಸುತ್ತು. ದಿಕ್ಕು ಹಿಂದಿನದೇ.

ಬೆಲ್ಟ್ ಹಾಕಿದ ರಾಟೆಗಳಾದರೆ ಹಲ್ಲಿನ ಜಾಗದಲ್ಲಿ ವ್ಯಾಸ ಬಳಸಿ. ನೇರ ಬೆಲ್ಟ್ ದಿಕ್ಕನ್ನು ಬದಲಿಸದು, ನಡುವೆ ಅಡ್ಡ ಹಾಯಿಸಿದ ಬೆಲ್ಟ್ ಬದಲಿಸುತ್ತದೆ.