ಹಾಡಿನ ಕಾಪಿರೈಟ್: ಯಾವ ಹಕ್ಕು ಯಾರದು?

ಪ್ರಶ್ನೆ: ನಾನು ಬರೆದ ಭಾವಗೀತೆಗೆ ಗೆಳೆಯರೊಬ್ಬರು ರಾಗ ಹಾಕಿದರು. ಪರಿಚಯದ ಇನ್ನೊಬ್ಬರು ಖರ್ಚು ಹಾಕಿ ರೆಕಾರ್ಡ್ ಮಾಡಿಸಿ ಯೂಟ್ಯೂಬಿಗೆ ಬಿಟ್ಟರು. ಈಗ ಅವರು "ಹಾಡು ಪೂರ್ತಿ ನನ್ನದು" ಎನ್ನುತ್ತಿದ್ದಾರೆ. ಬೇರೆ ಯಾರೋ ನನ್ನ ಸಾಲುಗಳನ್ನು ಎತ್ತಿಕೊಂಡು ಇನ್ನೊಂದು ಹಾಡು ಮಾಡಿದ್ದಾರೆ. ನೋಂದಣಿ ಮಾಡಿಸದ ನನಗೆ ಹಕ್ಕು ಇದೆಯೇ? ಅರ್ಜಿಯಲ್ಲಿ ಏನೇನು ಕೇಳುತ್ತಾರೆ? ಅದೇ ಕವಿತೆ ಇರುವ ಸಂಕಲನವನ್ನೂ ತರಬೇಕೆಂದಿದ್ದೇನೆ.

ಉತ್ತರ: ಇದೆ. ಸಾಲುಗಳನ್ನು ಬರೆದಿಟ್ಟ ದಿನವೇ ಅವುಗಳ ಕಾಪಿರೈಟ್ ನಿಮ್ಮದಾಯಿತು. 1957ರ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿಲ್ಲ. ನೀವು ಬದುಕಿರುವಷ್ಟು ಕಾಲ, ಆಮೇಲೆ ನಿಮ್ಮ ವಾರಸುದಾರರಿಗೆ 60 ವರ್ಷ ಈ ಹಕ್ಕು ಉಳಿಯುತ್ತದೆ. ಆದರೆ "ಹಾಡಿನ ಹಕ್ಕು" ಎಂಬ ಒಂದೇ ಹಕ್ಕು ಕಾನೂನಿನಲ್ಲಿಲ್ಲ. ನಿಮ್ಮ ಜಗಳದ ಬೇರು ಇರುವುದು ಇಲ್ಲೇ.

ಕಾಯ್ದೆ ಒಂದು ಹಾಡನ್ನು ಮೂರು ಕೃತಿಗಳಾಗಿ ನೋಡುತ್ತದೆ. ಪದಗಳು ಸಾಹಿತ್ಯ ಕೃತಿ, ಅದು ನಿಮ್ಮದು. ರಾಗಸಂಯೋಜನೆ ಸಂಗೀತ ಕೃತಿ, ಅದು ಗೆಳೆಯರದು. ಸಂಗೀತ ಕೃತಿಯ ವ್ಯಾಖ್ಯೆಯಲ್ಲೇ ಹಾಡುವ ಪದಗಳು ಅದರಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಮೂರನೆಯದು ಧ್ವನಿಮುದ್ರಣ. ಮುಂದೆ ನಿಂತು, ಜವಾಬ್ದಾರಿ ಹೊತ್ತು ರೆಕಾರ್ಡ್ ಮಾಡಿಸಿದವರು ಅದಕ್ಕೆ ಮಾಲೀಕರು. ಆ ಮುದ್ರಿಕೆ ಅವರದೇ, ಅದನ್ನು ಒಪ್ಪಿಕೊಳ್ಳಬೇಕು. ಅದರೊಳಗಿರುವ ಪದ ಮಾತ್ರ ಅವರದಲ್ಲ. ಪದಗಳ ಹಕ್ಕನ್ನು ವರ್ಗಾಯಿಸಲು ನಿಮ್ಮ ಸಹಿ ಇರುವ ಬರಹ ಬೇಕು. "ಹಾಡಿಸಿ, ಪರವಾಗಿಲ್ಲ" ಎಂದು ಬಾಯಲ್ಲಿ ಹೇಳಿದ್ದರೆ ಅದು ಹೆಚ್ಚೆಂದರೆ ಬಳಸಲು ಕೊಟ್ಟ ಒಪ್ಪಿಗೆ, ಹಕ್ಕು ಬಿಟ್ಟುಕೊಟ್ಟಂತೆ ಅಲ್ಲ. ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದರೆ ಅದನ್ನು ಹುಡುಕಿ ಓದಿ. ಅವಧಿ ಬರೆದಿರದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ. ಪ್ರದೇಶ ಬರೆದಿರದಿದ್ದರೆ ಭಾರತಕ್ಕೆ ಮಾತ್ರ.

ಈಗ ಅರ್ಜಿ. copyright.gov.in ನಲ್ಲಿ ಫಾರ್ಮ್ XIV ತುಂಬಬೇಕು. ಒಂದು ಅರ್ಜಿಗೆ ಒಂದೇ ಕೃತಿ. ಸಾಹಿತ್ಯಕ್ಕೆ 500 ರೂಪಾಯಿ, ಸಂಗೀತಕ್ಕೆ ಬೇರೆ 500, ಧ್ವನಿಮುದ್ರಣಕ್ಕೆ 2000. ನಿಮಗೆ ಬೇಕಾದದ್ದು ಮೊದಲನೆಯದು ಮಾತ್ರ. ಮೂರನ್ನೂ ನಿಮ್ಮ ಹೆಸರಲ್ಲಿ ಹಾಕಬೇಡಿ. ಕೃತಿಯ ವರ್ಗ ಸಾಹಿತ್ಯ, ಭಾಷೆ ಕನ್ನಡ, ಜೊತೆಗೆ ಲಗತ್ತಿಸುವುದು ಪದಗಳ ಪ್ರತಿ.

ಹೆಸರು, ವಿಳಾಸ, ಶೀರ್ಷಿಕೆಯ ಅಂಕಣಗಳು ಸುಲಭ. ಎಡವುವುದು ಮೂರು ಕಡೆ.

ಮೊದಲನೆಯದು, ಕೃತಿ ಪ್ರಕಟವಾಗಿದೆಯೇ ಎಂಬ ಅಂಕಣ. ಪುಸ್ತಕವಾಗಿಲ್ಲವಲ್ಲ ಎಂದು ಅನೇಕರು "ಅಪ್ರಕಟಿತ" ಎಂದು ಬರೆದುಬಿಡುತ್ತಾರೆ. ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ತಲುಪಿಸಿದರೂ ಪ್ರಕಟಣೆಯೇ. ಯೂಟ್ಯೂಬಿನಲ್ಲಿ ಜನ ಕೇಳಿದ ದಿನವೇ ನಿಮ್ಮ ಪದಗಳು ಪ್ರಕಟವಾಗಿವೆ. ಆ ವರ್ಷ, ಭಾರತ, ಪ್ರಕಟಿಸಿದವರ ಹೆಸರು ಕೊಡಿ. ತಪ್ಪು ಬರೆದರೆ ನಾಳೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಮೊದಲು ಕೈಯಿಡುವುದು ಇದರ ಮೇಲೆ. ಯೂಟ್ಯೂಬಿನ ತಾರೀಕು ಎಲ್ಲರ ಕಣ್ಣಿಗೂ ಬೀಳುವಂತಿರುತ್ತದೆ.

ಎರಡನೆಯದು, ಯಾವ ಹಕ್ಕು ಯಾರ ಕೈಯಲ್ಲಿ, ಎಷ್ಟರ ಮಟ್ಟಿಗೆ ಇದೆ ಎಂಬ ಅಂಕಣ. ಅರ್ಜಿಯ ಜೀವ ಇದು. ಅರ್ಜಿದಾರರಿಗೆ ಕೃತಿಯಲ್ಲಿರುವ ಆಸಕ್ತಿ ಏನೆಂದು ಕೇಳುವಲ್ಲಿ "ಲೇಖಕ ಹಾಗೂ ಮಾಲೀಕ" ಎನ್ನಿ. ಈ ಹಕ್ಕಿನ ಅಂಕಣದಲ್ಲಿ, ಪದಗಳ ಎಲ್ಲ ಹಕ್ಕು ನಿಮ್ಮದೆಂದೂ, ಒಂದು ಧ್ವನಿಮುದ್ರಣಕ್ಕೆ ಮಾತ್ರ ಇಂಥವರಿಗೆ ಅನುಮತಿ ಕೊಟ್ಟಿದ್ದೀರೆಂದೂ ಬರೆಯಿರಿ. ಆ ಒಂದು ವಾಕ್ಯವನ್ನು ಮುಚ್ಚಿಡಲು ಹೋಗಬೇಡಿ. ಮುಚ್ಚಿಟ್ಟರೆ ಅದು ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ.

ಮೂರನೆಯದು, ಹೆಚ್ಚುವರಿ ವಿವರಗಳ ಹಾಳೆ. ಕೃತಿ ಸ್ವಂತದ್ದೇ, ಅನುವಾದವೇ, ರೂಪಾಂತರವೇ, ಮೂಲಕ್ಕೆ ಕಾಪಿರೈಟ್ ಇನ್ನೂ ಇದೆಯೇ ಎಂದು ಕೇಳುತ್ತದೆ. ನಿಮ್ಮ ಪಲ್ಲವಿಯನ್ನು ಜನಪದ ಗೀತೆಯೊಂದರಿಂದ ಎತ್ತಿಕೊಂಡಿದ್ದರೆ ಇಲ್ಲೇ ಹೇಳಬೇಕು. ಅಷ್ಟು ಸಾಲಿನ ಮೇಲೆ ನಿಮಗೆ ಹಕ್ಕಿಲ್ಲ, ನೀವು ಸೇರಿಸಿದ್ದರ ಮೇಲೆ ಇದೆ. ಗೆಳೆಯರು ಸೋಬಾನೆ ಪದದ ಧಾಟಿಯ ಮೇಲೆ ರಾಗ ಕಟ್ಟಿದ್ದರೆ ಅವರ ಅರ್ಜಿಗೂ ಇದೇ ಮಾತು.

ಪ್ರಕಟಿಸಿದವರು ಅರ್ಜಿದಾರರಲ್ಲದಿದ್ದರೆ ಅವರ ಎನ್‌ಒಸಿ ಕೇಳುತ್ತಾರೆ. ನಿಮ್ಮ ವಿಷಯದಲ್ಲಿ ಅದು ರೆಕಾರ್ಡ್ ಮಾಡಿಸಿದವರದು. ಜೊತೆಗೆ, ಕೃತಿಯಲ್ಲಿ ಹಕ್ಕು ಹೇಳುವ ಅಥವಾ ನಿಮ್ಮ ಹಕ್ಕನ್ನು ಅಲ್ಲಗಳೆಯುವ ಎಲ್ಲರಿಗೂ ಅರ್ಜಿಯ ಬಗ್ಗೆ ನೀವೇ ನೋಟಿಸ್ ಕಳಿಸಬೇಕೆಂದು ನಿಯಮವಿದೆ. "ಹಾಡು ನನ್ನದು" ಎನ್ನುತ್ತಿರುವವರಿಗೆ ನೋಟಿಸ್ ಕಳಿಸದೆ ಸರ್ಟಿಫಿಕೇಟ್ ಪಡೆದರೆ, ಅದನ್ನು ತೆಗೆಸಲು ಅವರಿಗೆ ನೀವೇ ಕಾರಣ ಕೊಟ್ಟಂತೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅರ್ಜಿ ಸಲ್ಲಿಸಿದ ಕೂಡಲೇ ಡೈರಿ ನಂಬರ್ ಬರುತ್ತದೆ. ಆಮೇಲೆ ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ. ಆಕ್ಷೇಪಣೆ ಬಂದರೆ ರಿಜಿಸ್ಟ್ರಾರ್ ಇಬ್ಬರ ಮಾತನ್ನೂ ಕೇಳಿ ತೀರ್ಮಾನಿಸುತ್ತಾರೆ. ಡೈರಿ ನಂಬರನ್ನೇ ನೋಂದಣಿ ಸಂಖ್ಯೆಯೆಂದು ಪುಸ್ತಕದಲ್ಲಿ ಅಚ್ಚು ಹಾಕಿಸುವವರಿದ್ದಾರೆ. ಅದು ಅರ್ಜಿ ತಲುಪಿತು ಎಂಬುದರ ಗುರುತು ಮಾತ್ರ.

ಸರ್ಟಿಫಿಕೇಟ್ ಕೊಡುವ ಬಲ ಒಂದೇ, ಆದರೆ ದೊಡ್ಡದು. ರಿಜಿಸ್ಟರಿನಲ್ಲಿ ನಮೂದಾದ ವಿವರಗಳನ್ನು ಕೋರ್ಟು ಮೇಲ್ನೋಟಕ್ಕೆ ನಿಜವೆಂದು ಒಪ್ಪಿಕೊಳ್ಳುತ್ತದೆ, ಸುಳ್ಳೆಂದು ತೋರಿಸುವ ಹೊರೆ ಎದುರಿನವರ ಮೇಲೆ ಬೀಳುತ್ತದೆ. ನಿಮ್ಮ ಸಾಲು ಎತ್ತಿಕೊಂಡವರು ನಿಮಗಿಂತ ಮೊದಲೇ ಬರೆದಿದ್ದೆವೆಂದು ದಾಖಲೆ ತಂದರೆ ಸರ್ಟಿಫಿಕೇಟ್ ನಿಲ್ಲುವುದಿಲ್ಲ. ಹಾಗಾಗಿ ಮೊದಲ ಕರಡು, ತಿದ್ದಿದ ಹಾಳೆ, ಗೆಳೆಯರಿಗೆ ಪದ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ಶೀರ್ಷಿಕೆಗೂ ವಸ್ತುವಿಗೂ ಈ ರಕ್ಷಣೆ ಇಲ್ಲ. ಮಳೆಯನ್ನು ಅಮ್ಮನಿಗೆ ಹೋಲಿಸಿದ್ದೀರಿ ಎಂದುಕೊಳ್ಳಿ. ಇನ್ನೊಬ್ಬರೂ ಹೋಲಿಸಬಹುದು, ನಿಮ್ಮ ಸಾಲನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ.

ಸಂಕಲನಕ್ಕೆ ಇಡೀ ಪುಸ್ತಕವನ್ನು ಒಂದು ಸಾಹಿತ್ಯ ಕೃತಿಯಾಗಿ ನೋಂದಾಯಿಸಬಹುದು. ಹಸ್ತಪ್ರತಿ ಇರುವಾಗಲೇ ಮಾಡಿಸಿ, ಅಚ್ಚಾದ ಮೇಲೆ ಫಾರ್ಮ್ XV ಸಲ್ಲಿಸಿ ವಿವರ ಬದಲಿಸಿಕೊಳ್ಳಬಹುದು. ಈ ಭಾವಗೀತೆ ಮೊದಲೇ ಪ್ರಕಟವಾದದ್ದನ್ನು ಅಲ್ಲಿಯೂ ಷರಾ ಅಂಕಣದಲ್ಲಿ ತಿಳಿಸಿ.

ಸರ್ಟಿಫಿಕೇಟಿಗಾಗಿ ಕಾಯುತ್ತ ಕೂರಬೇಡಿ. ಸಾಲು ಕದ್ದ ವಿಡಿಯೋ ಬಗ್ಗೆ ಯೂಟ್ಯೂಬಿಗೆ ಇವತ್ತೇ ದೂರು ಕೊಡಬಹುದು, ಅದಕ್ಕೆ ನೋಂದಣಿ ಬೇಡ. ದೂರಿನಲ್ಲಿ ಪದಗಳನ್ನಷ್ಟೇ ಹಿಡಿಯಿರಿ, ರಾಗವನ್ನು ಎಳೆಯಬೇಡಿ. ರೆಕಾರ್ಡ್ ಮಾಡಿಸಿದವರೊಂದಿಗೆ ಕೂತು, ಮುದ್ರಿಕೆ ಅವರದು, ಪದ ನಿಮ್ಮದು, ರಾಗ ಗೆಳೆಯರದು ಎಂದು ಒಂದು ಪುಟದ ಒಪ್ಪಂದ ಬರೆದು ಮೂವರೂ ಸಹಿ ಹಾಕಿ. ಎನ್‌ಒಸಿಯೂ ಆಗಲೇ ಸಿಗುತ್ತದೆ. ಅವರು ಒಪ್ಪದೆ ಕೋರ್ಟಿಗೇ ಹೋಗಬೇಕಾಗಿ ಬಂದರೆ, ಅವರ ಊರಿಗೆ ಅಲೆಯಬೇಕಿಲ್ಲ. ನೀವು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಲು ಕಾಯ್ದೆಯ 62ನೇ ಕಲಂ ಅವಕಾಶ ಕೊಟ್ಟಿದೆ.